ಓನರ್ ವಿಮೆ ಗೋಡೆಗೆ, ನಿಮ್ಮ ಲ್ಯಾಪ್‌ಟಾಪ್‌ಗೆ ಯಾರದ್ದು?

ಬೆಂಗಳೂರಿನ ಬಾಡಿಗೆ ಕರಾರು ಓದಿದವರಿಗೆ ಗೊತ್ತಿರುತ್ತದೆ, ಗೋಡೆಗೆ ಮೊಳೆ ಹೊಡೆಯುವ ವಿಷಯಕ್ಕೂ ಅದರಲ್ಲಿ ಒಂದು ಕಲಂ ಇರುತ್ತದೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಎಷ್ಟು ತಿಂಗಳ ಮುಂಚೆ ಹೇಳಬೇಕು, ಫ್ಯಾನ್ ಎಷ್ಟು, ಟ್ಯೂಬ್‌ಲೈಟ್ ಎಷ್ಟು, ಎಲ್ಲವೂ ಇರುತ್ತದೆ. ಆದರೆ ಅಡುಗೆಮನೆಗೆ ಬೆಂಕಿ ಬಿದ್ದರೆ ಅಥವಾ ಪೈಪ್ ಒಡೆದು ನೀರು ತುಂಬಿದರೆ ಯಾರ ವಸ್ತುವಿಗೆ ಯಾರು ವಿಮೆ ಮಾಡಿಸಿರಬೇಕು ಎಂಬ ಒಂದು ಸಾಲು ಇರುವುದಿಲ್ಲ.

ನನ್ನದು ಎರಡೂ ಕಡೆ ಕಾಲಿಟ್ಟ ಸ್ಥಿತಿ. ಬೆಂಗಳೂರಿನಲ್ಲಿ ಒಂದು ಟೂ ಬಿಎಚ್‌ಕೆಯಲ್ಲಿ ನಾನು ಬಾಡಿಗೆದಾರ. ದಾವಣಗೆರೆಯಲ್ಲಿ ಅಪ್ಪ ಕಟ್ಟಿಸಿದ ಮನೆಯ ಮಹಡಿಯಲ್ಲಿ ಬೇರೊಂದು ಸಂಸಾರ ಬಾಡಿಗೆಗಿದೆ, ಅಲ್ಲಿ ನಾವು ಓನರ್. ಈ ವರ್ಷ ಕರಾರು ನವೀಕರಿಸುವಾಗ ನನ್ನ ಓನರ್ ಅಂಕಲ್ ಹತ್ತಿರ ವಿಮೆಯ ವಿಷಯ ಎತ್ತಿದೆ. ಅವರು, "ಮನೆಗೆ ಇನ್ಶೂರೆನ್ಸ್ ಇದೆಯಪ್ಪ, ನೀನೇನೂ ಯೋಚನೆ ಮಾಡ್ಬೇಡ" ಅಂದರು. ಅದೇ ವಾರ ಅಪ್ಪನಿಗೆ ಫೋನ್ ಮಾಡಿದರೆ, "ಮೇಲಿನ ಮನೆಯೋರ ಸಾಮಾನಿಗೆ ನಾವ್ಯಾಕೆ ಮಾಡಿಸ್ಬೇಕೋ? ಅವರೇ ಮಾಡಿಸ್ಕೋತಾರೆ ಬಿಡು" ಅಂದರು. ಎರಡೂ ಮಾತು ಅರ್ಧ ಸರಿ. ಓನರ್ ವಿಮೆ ಓನರ್ ವಸ್ತುವಿಗೆ ಮಾತ್ರ. ಬಾಡಿಗೆದಾರ ತನ್ನ ವಸ್ತುವಿಗೆ ತಾನೇ ಮಾಡಿಸಬೇಕು. ಇವೆರಡರ ನಡುವೆ ಮೂರನೆಯದೊಂದಿದೆ: ಬಾಡಿಗೆದಾರನ ಕೈಯಿಂದ ಬೇರೆಯವರ ವಸ್ತುವಿಗೆ ಆಗುವ ಹಾನಿ. ದೊಡ್ಡ ಬಿಲ್ ಬರುವುದು ಸಾಮಾನ್ಯವಾಗಿ ಅಲ್ಲಿಂದಲೇ.

ಮೊದಲು ಒಂದು ಪಟ್ಟಿ

ಪಾಲಿಸಿ ಹುಡುಕುವುದಕ್ಕೆ ಮುಂಚೆ ಮನೆಯೊಳಗೆ ಒಂದು ಸುತ್ತು ಹಾಕಿ, ಕಣ್ಣಿಗೆ ಬಿದ್ದದ್ದನ್ನು ಎರಡು ಪಟ್ಟಿಯಲ್ಲಿ ಬರೆಯಿರಿ. ಗೋಡೆ, ನೆಲ, ಚಾವಣಿ, ವೈರಿಂಗ್, ಬಾತ್‌ರೂಮಿನ ಫಿಟಿಂಗ್, ಗೋಡೆಗೆ ಕೂಡಿಸಿದ ವಾರ್ಡ್‌ರೋಬ್, ಮಾಡ್ಯುಲರ್ ಕಿಚನ್, ಇವೆಲ್ಲ ಓನರ್‌ದು. ವಿಮೆಯ ಲೆಕ್ಕದಲ್ಲಿ ಇವು 'ಕಟ್ಟಡ'. ಕಿತ್ತು ಒಯ್ಯಲು ಬರುವಂಥವು, ಅಂದರೆ ಓನರ್ ಬಿಟ್ಟುಹೋದ ಫ್ರಿಜ್, ಸೋಫಾ, ಮಂಚ, ಇವು ಓನರ್‌ದೇ ಆದರೂ 'ವಸ್ತುಗಳು' ಎಂಬ ಇನ್ನೊಂದು ಲೆಕ್ಕಕ್ಕೆ ಬರುತ್ತವೆ. ನೀವು ತಂದ ಟಿವಿ, ವಾಷಿಂಗ್ ಮಷೀನ್, ಬಟ್ಟೆ, ಪಾತ್ರೆ, ಲ್ಯಾಪ್‌ಟಾಪ್ ನಿಮ್ಮವು. ನಾಳೆ ಒಂದು ವಸ್ತು ಸುಟ್ಟುಹೋದರೆ ಯಾರ ಜೇಬಿಗೆ ನಷ್ಟವೋ ಅವರೇ ಅದಕ್ಕೆ ವಿಮೆ ಮಾಡಿಸಲು ಹಕ್ಕುಳ್ಳವರು. ಓನರ್ ಪಾಲಿಸಿಯಲ್ಲಿ ನಿಮ್ಮ ಲ್ಯಾಪ್‌ಟಾಪ್ ಸೇರದೇ ಇರುವುದಕ್ಕೆ ಕಾರಣ ಇದೇ, ಅವರ ಜಿಪುಣತನವಲ್ಲ.

ಆಫೀಸಿನ ಲ್ಯಾಪ್‌ಟಾಪ್ ಎರಡೂ ಪಟ್ಟಿಗೆ ಸೇರುವುದಿಲ್ಲ, ಅದು ಕಂಪನಿಯ ಆಸ್ತಿ. ಹಾಳಾದರೆ ಸಂಬಳದಲ್ಲಿ ಹಿಡಿಯುತ್ತಾರೋ ಇಲ್ಲವೋ ಎಂದು ಎಚ್‌ಆರ್ ಅಥವಾ ಐಟಿ ವಿಭಾಗಕ್ಕೆ ಒಂದು ಮೇಲ್ ಹಾಕಿ ಕೇಳಿಟ್ಟುಕೊಳ್ಳಿ. ಬೇಸ್‌ಮೆಂಟಿನಲ್ಲಿ ನಿಲ್ಲಿಸಿದ ಬೈಕು, ಕಾರು ಕೂಡ ಮನೆ ವಿಮೆಗೆ ಬರುವುದಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟುಗಳಲ್ಲಿ ಮುಳುಗಿದ ಗಾಡಿಗಳ ಚಿತ್ರ ನೆನಪಿರಬಹುದು. ಅಂಥ ನಷ್ಟ ತುಂಬಿಕೊಡುವುದು ಗಾಡಿಯ ಸ್ವಂತ ಹಾನಿಯನ್ನೂ ಸೇರಿಸಿದ ವಾಹನ ವಿಮೆ. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಏನೂ ಸಿಗುವುದಿಲ್ಲ.

ಓನರ್‌ಗೆ ಎಷ್ಟು ಬೇಕು?

2021ರ ಏಪ್ರಿಲ್ 1ರಿಂದ ನಮ್ಮಲ್ಲಿ ಮನೆಗೆಂದೇ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಇದರ ಪದಪದವನ್ನೂ ನಿಗದಿ ಮಾಡಿದೆ. ಹಾಗಾಗಿ ಯಾವ ಕಂಪನಿಯಿಂದ ಕೊಂಡರೂ ಮೂಲ ರಕ್ಷಣೆ ಒಂದೇ. ವ್ಯತ್ಯಾಸ ಇರುವುದು ಪ್ರೀಮಿಯಂನಲ್ಲಿ ಮತ್ತು ಆಡ್-ಆನ್‌ಗಳಲ್ಲಿ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆಯುವುದು, ಇವೆಲ್ಲ ಅದರೊಳಗೆ ಬರುತ್ತವೆ.

ಓನರ್‌ಗಳು ಮೊದಲು ಎಡವುವುದು ಮೊತ್ತದಲ್ಲಿ. ಫ್ಲ್ಯಾಟಿನ ಮಾರುಕಟ್ಟೆ ಬೆಲೆ 95 ಲಕ್ಷ ಇದ್ದರೆ ವಿಮೆಯೂ 95 ಲಕ್ಷಕ್ಕೆ ಬೇಕು ಅಂದುಕೊಳ್ಳುತ್ತಾರೆ. ಆ ಬೆಲೆಯಲ್ಲಿ ದೊಡ್ಡ ಪಾಲು ಜಾಗದ್ದು, ಏರಿಯಾದ್ದು. ಬೆಂಕಿ ಬಿದ್ದರೆ ಜಾಗ ಸುಡುವುದಿಲ್ಲ. ಪಾಲಿಸಿ ನೋಡುವುದು ಮತ್ತೆ ಕಟ್ಟಲು ಎಷ್ಟು ಬೇಕು ಎಂಬುದನ್ನು ಮಾತ್ರ: ಕಾರ್ಪೆಟ್ ಏರಿಯಾವನ್ನು ಇವತ್ತಿನ ನಿರ್ಮಾಣ ದರದಿಂದ ಗುಣಿಸಬೇಕು. 850 ಚದರ ಅಡಿ ಕಾರ್ಪೆಟ್ ಏರಿಯಾ, ಅಡಿಗೆ 2,200 ರೂಪಾಯಿ ಅಂತ ಹಿಡಿದರೆ 18,70,000 ಆಯಿತು. ಸೂಪರ್ ಬಿಲ್ಟ್-ಅಪ್ ಏರಿಯಾ ಹಾಕಬೇಡಿ. ನಿಮ್ಮ ಊರಿನ ದರ ತಿಳಿಯಲು ಒಬ್ಬ ಸಿವಿಲ್ ಎಂಜಿನಿಯರ್‌ನನ್ನೋ ಮೇಸ್ತ್ರಿಯನ್ನೋ ಕೇಳಿದರೆ ಸಾಕು. ಗೋಡೆಗೆ ಕೂಡಿಸಿದ ಮರದ ಕೆಲಸಕ್ಕೆ ಹೆಚ್ಚು ಖರ್ಚು ಮಾಡಿದ್ದರೆ ಅದನ್ನು ಪ್ರಪೋಸಲ್ ಫಾರ್ಮ್‌ನಲ್ಲಿ ಪ್ರತ್ಯೇಕವಾಗಿ ಹೇಳಿ, ಮೊತ್ತದಲ್ಲಿ ಸೇರಿಸಿಕೊಳ್ಳಿ.

ಓನರ್ ಬಿಟ್ಟುಹೋದ ಫ್ರಿಜ್, ಸೋಫಾಗೆ ಬೇರೆ ಪಾಲಿಸಿ ಬೇಕೇ? ಹೆಚ್ಚಿನವರಿಗೆ ಬೇಡ. ಕಟ್ಟಡ, ವಸ್ತು ಎರಡಕ್ಕೂ ಸೇರಿಸಿ ಈ ಪಾಲಿಸಿ ತೆಗೆದುಕೊಂಡರೆ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯ ಸಾಮಾನ್ಯ ವಸ್ತುಗಳಿಗೆ ತಾನಾಗಿಯೇ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ಅದು 3,74,000. ಒಂದು ಫ್ರಿಜ್, ಎರಡು ಮಂಚ, ಒಂದು ಎಸಿಗೆ ಇಷ್ಟು ಧಾರಾಳ. ಎಲ್ಲ ಫರ್ನಿಚರ್ ಹಾಕಿ 'ಫುಲ್ಲಿ ಫರ್ನಿಶ್ಡ್' ಎಂದು ಹೆಚ್ಚು ಬಾಡಿಗೆ ಪಡೆಯುವವರು ಮಾತ್ರ ಪಟ್ಟಿ ಕೊಟ್ಟು ಮೊತ್ತ ಹೆಚ್ಚಿಸಿಕೊಳ್ಳಬೇಕು.

ಬಾಡಿಗೆಯ ನಷ್ಟವನ್ನೂ ಓನರ್ ಇಲ್ಲಿ ಮರೆಯಬಾರದು. ಬೆಂಕಿಯಿಂದ ಮನೆ ವಾಸಕ್ಕೆ ಬಾರದಂತಾದರೆ ಆ ಅವಧಿಯ ಬಾಡಿಗೆ ನಷ್ಟವನ್ನು ಇದೇ ಪಾಲಿಸಿ ಭರಿಸುತ್ತದೆ. ಬಾಡಿಗೆದಾರ ಸುಮ್ಮನೆ ಬಿಟ್ಟುಹೋದರೆ, ಬಾಡಿಗೆ ಕಟ್ಟದೇ ಇದ್ದರೆ ಅದಕ್ಕೆ ಸಂಬಂಧವಿಲ್ಲ. ಇದೆಲ್ಲ ನೆಟ್ಟಗೆ ಸಿಗಬೇಕಾದರೆ ಮನೆ ಬಾಡಿಗೆಗೆ ಕೊಟ್ಟಿದೆ ಎಂದು ಕಂಪನಿಗೆ ಬರಹದಲ್ಲಿ ತಿಳಿಸಿರಬೇಕು. ನಾವೇ ಇರುತ್ತೇವೆ ಎಂದು ಪಾಲಿಸಿ ಮಾಡಿಸಿ, ಆಮೇಲೆ ಬಾಡಿಗೆಗೆ ಕೊಟ್ಟು ಸುಮ್ಮನಿದ್ದರೆ ಕ್ಲೇಮ್ ಹೊತ್ತಿನಲ್ಲಿ ತಕರಾರು ಎದ್ದೇಳುತ್ತದೆ. ಅಪ್ಪನ ಕೈಯಲ್ಲಿ ನಾನು ಈ ವರ್ಷ ಮಾಡಿಸಿದ ಮೊದಲ ಕೆಲಸ ಆ ಒಂದು ಮೇಲ್.

ಫ್ಲ್ಯಾಟ್ ಆದರೆ ಅಸೋಸಿಯೇಷನ್ ಇಡೀ ಬ್ಲಾಕಿಗೆ ಪಾಲಿಸಿ ಮಾಡಿಸಿದೆಯೇ ಎಂದೂ ಕೇಳಿ. ಅದರಲ್ಲಿ ಕಾಮನ್ ಏರಿಯಾ ಮಾತ್ರ ಇದೆಯೋ, ಪ್ರತಿ ಫ್ಲ್ಯಾಟಿನ ಒಳಗೋಡೆಯೂ ಇದೆಯೋ ನೋಡಿ. ಎರಡು ಪಾಲಿಸಿ ಇದ್ದರೂ ಒಂದೇ ನಷ್ಟಕ್ಕೆ ಎರಡು ಸಲ ದುಡ್ಡು ಬರುವುದಿಲ್ಲ.

ಇದರಲ್ಲಿ ಇಲ್ಲದ್ದು

ಇಷ್ಟು ಓದಿ ಎಲ್ಲ ಆಯಿತು ಅಂದುಕೊಳ್ಳುವ ಮುಂಚೆ ಮೂರು ತೂತುಗಳನ್ನು ನೋಡಬೇಕು. ಇವು ಓನರ್‌ಗೂ ಬಾಡಿಗೆದಾರನಿಗೂ ಒಂದೇ ಥರ ಅನ್ವಯಿಸುತ್ತವೆ.

ಮೊದಲನೆಯದು ಕಳ್ಳತನ. ಭಾರತ್ ಗೃಹ ರಕ್ಷಾದಲ್ಲಿ ಕಳವಿಗೆ ರಕ್ಷಣೆ ಇದೆ, ಆದರೆ ಬೆಂಕಿ, ಪ್ರವಾಹದಂಥ ಘಟನೆಯ ಪರಿಣಾಮವಾಗಿ, ಅದಾದ 7 ದಿನದೊಳಗೆ ಆದ ಕಳವಿಗೆ ಮಾತ್ರ. ನೀವು ಹಬ್ಬಕ್ಕೆ ಊರಿಗೆ ಹೋದಾಗ ಬೀಗ ಒಡೆದು ಒಯ್ದರೆ ಈ ಪಾಲಿಸಿ ಕೊಡುವುದಿಲ್ಲ. ಅದಕ್ಕೆ 'ಬರ್ಗ್ಲರಿ' ಕವರ್ ಬೇರೆಯಾಗಿ ಸೇರಿಸಿಕೊಳ್ಳಬೇಕು. ಅದರಲ್ಲೂ ಸಾಮಾನ್ಯವಾಗಿ ಬೀಗ, ಬಾಗಿಲು ಒಡೆದ ಗುರುತು ಕೇಳುತ್ತಾರೆ. ತೆರೆದ ಬಾಗಿಲಿನಿಂದ ಒಳಬಂದು ಫೋನ್ ಒಯ್ದದ್ದು, ಮನೆಗೆಲಸದವರ ಮೇಲಿನ ಅನುಮಾನ, ಇವು ಅದರೊಳಗೆ ಬರುತ್ತವೆಯೇ ಎಂದು ಕೊಳ್ಳುವಾಗಲೇ ಕೇಳಬೇಕು.

ಎರಡನೆಯದು ಕರೆಂಟ್. ಗೀಸರ್ ಶಾರ್ಟ್ ಸರ್ಕ್ಯೂಟ್ ಆಗಿ ಸುಟ್ಟರೆ ಗೀಸರಿಗೆ ದುಡ್ಡಿಲ್ಲ. ಅದರಿಂದ ಬೆಂಕಿ ಹರಡಿ ಪಕ್ಕದ ವಾರ್ಡ್‌ರೋಬ್ ಸುಟ್ಟರೆ ವಾರ್ಡ್‌ರೋಬಿಗೆ ಉಂಟು. ಅಂದರೆ ಯಾವ ಯಂತ್ರದಲ್ಲಿ ದೋಷ ಹುಟ್ಟಿತೋ ಅದೊಂದನ್ನು ಮಾತ್ರ ಹೊರಗಿಡುತ್ತಾರೆ. ವೋಲ್ಟೇಜ್ ಏರಿಳಿತಕ್ಕೆ ಟಿವಿ ಹೋಗುವ ಏರಿಯಾದಲ್ಲಿದ್ದರೆ ಉಪಕರಣಗಳ ಬ್ರೇಕ್‌ಡೌನ್ ಕವರ್ ಬೇಕು, ಅಥವಾ ಒಂದು ಒಳ್ಳೆ ಸ್ಟೆಬಿಲೈಸರ್ ಸಾಕು. ನಾನು ಸ್ಟೆಬಿಲೈಸರ್ ಆರಿಸಿಕೊಂಡೆ.

ಮೂರನೆಯದು ನಿಧಾನವಾದ ನೀರು. ಪೈಪ್ ಪಟ್ಟನೆ ಒಡೆದು ಕೋಣೆ ತುಂಬಿದರೆ ಅದು ಅವಘಡ. ಬಾತ್‌ರೂಮ್ ಗೋಡೆಯಿಂದ ಆರು ತಿಂಗಳು ಜಿನುಗಿ ಬಣ್ಣ ಉಬ್ಬಿ, ಬೂಷ್ಟು ಹಿಡಿದರೆ ಅದು ಸವಕಳಿ, ನಿರ್ವಹಣೆಯ ಲೆಕ್ಕ. ಸರ್ವೇಯರ್ ಬಂದಾಗ ನೋಡುವುದೂ ಇದನ್ನೇ: ಕಲೆ ಒಂದೇ ಸಲದ್ದೋ, ಪದರ ಪದರವಾಗಿ ಹಳದಿಗಟ್ಟಿದೆಯೋ ಎಂದು. ಬಾಡಿಗೆದಾರರು ಜಿನುಗು ಕಂಡ ದಿನವೇ ಓನರ್‌ಗೆ ಫೋಟೊ ಸಮೇತ ವಾಟ್ಸ್‌ಆ್ಯಪ್ ಮಾಡುವುದು ಇದಕ್ಕೇ. ದುರಸ್ತಿಯ ಹೊಣೆ ಯಾರದ್ದು ಎಂಬ ಮಾತು ಬಂದಾಗ ಆ ತಾರೀಕು ಕೆಲಸಕ್ಕೆ ಬರುತ್ತದೆ.

ಬಾಡಿಗೆದಾರನ ಪಟ್ಟಿ

ಬಾಡಿಗೆದಾರ ಕಟ್ಟಡ ಬಿಟ್ಟು ವಸ್ತುಗಳಿಗೆ ಮಾತ್ರ ಪಾಲಿಸಿ ತೆಗೆದುಕೊಳ್ಳಬಹುದು. ಮೊತ್ತ ನಿಗದಿ ಮಾಡುವಾಗ ಇವತ್ತು ಅಂಥದ್ದೇ ಹೊಸದನ್ನು ಕೊಳ್ಳಲು ಎಷ್ಟಾಗುತ್ತದೆ ಎಂದು ಬರೆಯಿರಿ, ಓಎಲ್‌ಎಕ್ಸ್ ಬೆಲೆಯನ್ನಲ್ಲ. ನನ್ನ ಪಟ್ಟಿ ಹೀಗಿತ್ತು: ಸ್ವಂತ ಲ್ಯಾಪ್‌ಟಾಪ್ 70,000, ಟಿವಿ 40,000, ಫ್ರಿಜ್ 28,000, ವಾಷಿಂಗ್ ಮಷೀನ್ 24,000, ಮಂಚ-ಹಾಸಿಗೆ 35,000, ಟೇಬಲ್-ಕುರ್ಚಿ-ಮಾನಿಟರ್ 38,000, ಅಡುಗೆಮನೆ ಸಾಮಾನು 25,000, ಬಟ್ಟೆಬರೆ 60,000. ಒಟ್ಟು 3,20,000. ನನ್ನದು ಅಂಥ ದೊಡ್ಡ ಸಂಸಾರವೇನಲ್ಲ. ಬಿಡಿಬಿಡಿಯಾಗಿ ಕೊಂಡದ್ದರಿಂದ ಇಷ್ಟಾಗಿದೆ ಅಂತ ಅನ್ನಿಸಿರಲೇ ಇಲ್ಲ.

ಒಡವೆ ಈ ಸಾಮಾನ್ಯ ಪಟ್ಟಿಗೆ ಸೇರುವುದಿಲ್ಲ. ಅದಕ್ಕೆ ಬೆಲೆಬಾಳುವ ವಸ್ತುಗಳ ಐಚ್ಛಿಕ ಕವರ್ ಇದೆ. ಒಟ್ಟು 5 ಲಕ್ಷ ದಾಟಿದರೆ ಅಥವಾ ಒಂದೇ ಒಡವೆ 1 ಲಕ್ಷ ದಾಟಿದರೆ ಮೌಲ್ಯಮಾಪನ ಪತ್ರ ಬೇಕಾಗುತ್ತದೆ. ಅದಿದ್ದರೂ ಮೇಲೆ ಹೇಳಿದ ಕಳ್ಳತನದ ತೂತು ಹಾಗೇ ಇರುತ್ತದೆ. ದಿನವೂ ಹಾಕದ ಬಂಗಾರಕ್ಕೆ ಬ್ಯಾಂಕ್ ಲಾಕರೇ ವಾಸಿ.

ಮನೆ ವಾಸಕ್ಕೆ ಬಾರದಂತಾಗಿ ನೀವು ಹೆಚ್ಚು ಬಾಡಿಗೆಯ ಬೇರೆ ಮನೆಗೆ ಹೋಗಬೇಕಾದರೆ ಆ ವ್ಯತ್ಯಾಸ ಸಿಗುತ್ತದೆಯೇ? ವಸ್ತುಗಳಿಗೆ ಮಾತ್ರ ಪಾಲಿಸಿ ತೆಗೆದುಕೊಳ್ಳುವವರು ಇದನ್ನು ಏಜೆಂಟ್ ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ, ಮೇಲ್‌ನಲ್ಲಿ ಉತ್ತರ ಪಡೆದುಕೊಳ್ಳಿ.

ಒಂದು ಪೈಪ್, ಮೂರು ಮನೆ

ಈಗ ಒಂದು ಉದಾಹರಣೆ ಹಿಡಿದು ಲೆಕ್ಕ ಹಾಕೋಣ. ಮೂರನೇ ಮಹಡಿಯ ಬಾಡಿಗೆದಾರ ಶುಕ್ರವಾರ ರಾತ್ರಿ ಊರಿಗೆ ಹೊರಟ. ವಾಷಿಂಗ್ ಮಷೀನಿನ ನಲ್ಲಿ ತೆರೆದೇ ಇತ್ತು. ಶನಿವಾರ ಆ ಪೈಪಿನ ಕನೆಕ್ಟರ್ ಕಿತ್ತು ಬಂತು. ಕೆಳಗಿನ ಮನೆಯವರು ಫೋನ್ ಮಾಡಿ, ಸೆಕ್ಯೂರಿಟಿಯವರು ವಾಲ್ವ್ ಮುಚ್ಚುವ ಹೊತ್ತಿಗೆ ಮೂರು ಗಂಟೆ ನೀರು ಹರಿದಿತ್ತು.

ಓನರ್‌ದು: ಬೆಡ್‌ರೂಮಿನ ಮರದ ನೆಲ 85,000, ವಾರ್ಡ್‌ರೋಬ್ ತಳ 40,000, ಒಟ್ಟು 1,25,000. ಬಾಡಿಗೆದಾರನದು: ನೆಲದ ಮೇಲೆ ಹಾಸಿದ್ದ ಹಾಸಿಗೆ, ಕೆಳಗಿಟ್ಟಿದ್ದ ಸಿಪಿಯು, ಬಟ್ಟೆ ಸೇರಿ 55,000. ಕೆಳಗಿನ ಮನೆಯದು: ಫಾಲ್ಸ್ ಸೀಲಿಂಗ್ ಮತ್ತು ಪೇಂಟ್ 60,000, ಟಿವಿ 45,000, ಒಟ್ಟು 1,05,000. ಎಲ್ಲ ಕೂಡಿ 2,85,000.

ಪೈಪ್ ಒಡೆಯುವುದು ಪಾಲಿಸಿಯೊಳಗಿನ ಘಟನೆ, ಅದೂ ಇದ್ದಕ್ಕಿದ್ದಂತೆ ಆದದ್ದು. ಹಾಗಾಗಿ ಓನರ್‌ಗೆ ಭಾರತ್ ಗೃಹ ರಕ್ಷಾ ಇದ್ದರೆ ಅವರ 1,25,000 ಅಲ್ಲಿಂದ ಬರಬೇಕು. ಬಾಡಿಗೆದಾರನಿಗೆ ವಸ್ತುಗಳ ಪಾಲಿಸಿ ಇದ್ದರೆ 55,000 ಅಲ್ಲಿಂದ. ಮೊದಲ ಇಂತಿಷ್ಟು ನಿಮ್ಮದೇ ಎಂಬ ಷರತ್ತಿದ್ದರೆ ಅಷ್ಟು ಕಳೆಯುತ್ತದೆ. ಕಿತ್ತುಬಂದ ಪೈಪಿನ ಬೆಲೆ ಯಾರೂ ಕೊಡುವುದಿಲ್ಲ, ಅದು ಸವಕಳಿ.

ಇಲ್ಲಿಗೆ ಮುಗಿಯುವುದಿಲ್ಲ. ಕೆಳಗಿನ ಮನೆಯವರು ಬಾಡಿಗೆದಾರನ ಬಾಗಿಲು ತಟ್ಟಿ, "ಎರಡು ದಿನ ಊರಿಗೆ ಹೋಗೋರು ನಲ್ಲಿ ಮುಚ್ಚಿ ಹೋಗ್ಬೇಕಲ್ವಾ?" ಎಂದು ಕೇಳುತ್ತಾರೆ. ಅದು ನಿರ್ಲಕ್ಷ್ಯ ಎಂದು ತೀರ್ಮಾನವಾದರೆ 1,05,000 ಅವನ ತಲೆಗೆ. ಅವನ ವಸ್ತುಗಳ ಪಾಲಿಸಿ ಇದರಲ್ಲಿ ಒಂದು ರೂಪಾಯಿಯನ್ನೂ ಕೊಡುವುದಿಲ್ಲ, ಏಕೆಂದರೆ ಆ ಟಿವಿ ಅವನದಲ್ಲ.

ಓನರ್‌ಗೆ ದುಡ್ಡು ಕೊಟ್ಟ ವಿಮಾ ಕಂಪನಿಯೂ ಸುಮ್ಮನಿರಬೇಕಿಲ್ಲ. ನಷ್ಟ ತುಂಬಿಕೊಟ್ಟ ಮೇಲೆ ಓನರ್‌ಗೆ ಇದ್ದ ವಸೂಲಿಯ ಹಕ್ಕು ಕಂಪನಿಗೆ ಬರುತ್ತದೆ, ಇದಕ್ಕೆ ಸಬ್ರೊಗೇಶನ್ ಎನ್ನುತ್ತಾರೆ. ಅಂದರೆ ಓನರ್ ವಿಮೆ ಓನರ್‌ನನ್ನು ಉಳಿಸುತ್ತದೆ, ಬಾಡಿಗೆದಾರನನ್ನಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮೂ ಇದೇ ಹಾದಿಯಲ್ಲಿದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಹಜ ಸವಕಳಿ ಮತ್ತು ತಡೆಯಲಾಗದ ಶಕ್ತಿಯಿಂದ ಆದದ್ದನ್ನು ಬಿಟ್ಟು, ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು. ಪ್ರವಾಹ ಬಂದರೆ ನಿಮ್ಮ ತಪ್ಪಿಲ್ಲ. ತೆರೆದಿಟ್ಟ ನಲ್ಲಿಯ ಬಗ್ಗೆ ಹಾಗೆ ಹೇಳುವುದು ಕಷ್ಟ.

ಇಲ್ಲಿ ಬೇಕಾಗುವುದು ಹೊಣೆಯ ಕವರ್, ಅದರಲ್ಲಿ ಎರಡು ಬಗೆ. ಕೆಳಗಿನ ಮನೆಯವರಂಥ ಹೊರಗಿನವರ ನಷ್ಟಕ್ಕೆ 'ಪಬ್ಲಿಕ್ ಲಯಬಿಲಿಟಿ'. ನೀವಿರುವ ಓನರ್ ಮನೆಗೆ ಆದ ಹಾನಿಗೆ 'ಟೆನೆಂಟ್ಸ್ ಲೀಗಲ್ ಲಯಬಿಲಿಟಿ'. ಮೊದಲನೆಯದು ಒಂದಿದ್ದರೆ ಎರಡಕ್ಕೂ ಆಯಿತು ಅಂದುಕೊಳ್ಳಬೇಡಿ. ನಿಮ್ಮ ವಶದಲ್ಲಿರುವ ಬೇರೆಯವರ ಆಸ್ತಿಯನ್ನು ಪಬ್ಲಿಕ್ ಲಯಬಿಲಿಟಿ ಸಾಮಾನ್ಯವಾಗಿ ಹೊರಗಿಡುತ್ತದೆ, ಬಾಡಿಗೆ ಮನೆ ಅಂಥದ್ದೇ. ಇವೆರಡೂ ಭಾರತ್ ಗೃಹ ರಕ್ಷಾದ ಮೂಲ ಪಾಲಿಸಿಯಲ್ಲಿಲ್ಲ. ಎಲ್ಲ ಕಂಪನಿಗಳೂ ಆಡ್-ಆನ್ ಆಗಿ ಕೊಡುವುದಿಲ್ಲ. ಕೋಟ್ ಹೋಲಿಸುವಾಗ ಪ್ರೀಮಿಯಂಗಿಂತ ಮೊದಲು ಇದು ಸಿಗುತ್ತದೆಯೇ ಎಂದು ಕೇಳಿ. ಉದಾಹರಣೆಯ 2,85,000ದಲ್ಲಿ 2,30,000 ಬೇರೆಯವರ ವಸ್ತುವಿನದ್ದು. ಬಾಡಿಗೆದಾರನ ಸ್ವಂತ ನಷ್ಟ 55,000 ಮಾತ್ರ.

ಕರಾರಿನಲ್ಲಿ ಸೇರಿಸಿದ ಸಾಲುಗಳು

ಇದೆಲ್ಲ ಹೇಳಿದಾಗ ಓನರ್ ಅಂಕಲ್, "ಹಾಗಾದ್ರೆ ಬರೆದೇ ಬಿಡೋಣ" ಅಂದರು. ಈ ಸಲ ಕರಾರಿನಲ್ಲಿ ನಾಲ್ಕು ವಿಷಯ ಸೇರಿಸಿದೆವು. ಕಟ್ಟಡ ಮತ್ತು ಅವರು ಬಿಟ್ಟ ಎಸಿ, ಫ್ರಿಜ್‌ಗೆ ಅವರು ವಿಮೆ ಚಾಲ್ತಿಯಲ್ಲಿಡಬೇಕು, ಪಾಲಿಸಿಯ ಒಂದು ಪ್ರತಿ ನನಗೆ ಕೊಡಬೇಕು. ನನ್ನ ವಸ್ತು ಮತ್ತು ನನ್ನ ಹೊಣೆಗೆ ನಾನು ಮಾಡಿಸಬೇಕು. ಒಂದು ನಷ್ಟಕ್ಕೆ ವಿಮೆಯಿಂದ ದುಡ್ಡು ಬಂದರೆ ಅಷ್ಟನ್ನೇ ಮತ್ತೆ ಡೆಪಾಸಿಟ್‌ನಲ್ಲಿ ಹಿಡಿಯುವಂತಿಲ್ಲ. ನನ್ನ ಮೇಲೆ ವಸೂಲಿಗೆ ಬರದಂತೆ ಅವರ ಕಂಪನಿ ಹಕ್ಕು ಬಿಟ್ಟುಕೊಡಲು ಒಪ್ಪುತ್ತದೆಯೇ ಎಂದು ಅವರು ಬರೆದು ಕೇಳಬೇಕು. ಈ ಕೊನೆಯದಕ್ಕೆ ಕಂಪನಿ ಒಪ್ಪಬಹುದು, ಒಪ್ಪದೆಯೂ ಇರಬಹುದು. ಆದರೆ ಅವಘಡಕ್ಕೆ ಮುಂಚೆಯೇ ಕೇಳಬೇಕು. ಕಂಪನಿಗೆ ತಿಳಿಸದೆ ಓನರ್ ತಾನೇ ಆ ಹಕ್ಕು ಬಿಟ್ಟರೆ ಅವರ ಕ್ಲೇಮಿಗೇ ತೊಂದರೆಯಾದೀತು.

ಕರಾರಿನ ಜೊತೆಗೆ ಮನೆಯ ಪ್ರತಿ ಕೋಣೆಯ ಒಂದು ವಿಡಿಯೊ ತೆಗೆದು ಇಬ್ಬರೂ ಇಟ್ಟುಕೊಂಡಿದ್ದೇವೆ. ನನ್ನ ವಸ್ತುಗಳ ಬಿಲ್‌ಗಳನ್ನು ಒಂದು ಡ್ರೈವ್ ಫೋಲ್ಡರಿಗೆ ಹಾಕಿದ್ದೇನೆ. ಆನ್‌ಲೈನಿನಲ್ಲಿ ಕೊಂಡವಕ್ಕೆ ಹಳೆಯ ಆರ್ಡರ್‌ಗಳಿಂದಲೇ ಇನ್‌ವಾಯ್ಸ್ ಸಿಕ್ಕಿತು. ಏನಾದರೂ ಆದರೆ ಮೊದಲು ನೀರು, ಕರೆಂಟ್ ನಿಲ್ಲಿಸಿ ಹಾನಿ ಹೆಚ್ಚದಂತೆ ನೋಡಬೇಕು. ಆಮೇಲೆ ಫೋಟೊ ತೆಗೆದು ಅವತ್ತೇ ಕಂಪನಿಗೆ ತಿಳಿಸಬೇಕು. ಸರ್ವೇಯರ್ ನೋಡುವ ತನಕ ಹಾಳಾದ ವಸ್ತುವನ್ನು ಗುಜರಿಗೆ ಹಾಕಬಾರದು.

ದಾವಣಗೆರೆ ಮನೆಗೂ ಇದೇ ಸಾಲುಗಳನ್ನು ಕಳಿಸಿದ್ದೇನೆ. ಮಹಡಿ ಮನೆಯವರ ಕರಾರು ಮುಂದಿನ ತಿಂಗಳು ಮುಗಿಯುತ್ತದೆ. ಅವರ ಸಾಮಾನಿಗೆ ನಾವು ವಿಮೆ ಮಾಡಿಸುವುದಿಲ್ಲ, ಅಪ್ಪ ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಆದರೆ ನಮ್ಮ ವಿಮೆಯಲ್ಲಿ ಅವರ ಸಾಮಾನು ಇಲ್ಲ ಅಂತ ಅವರಿಗೆ ಮೊದಲೇ, ಬಾಯಿಬಿಟ್ಟು ಹೇಳುವ ಕೆಲಸ ಮಾತ್ರ ನಮ್ಮದು.